ಫೋನ್‌ನಾಗ HD ಅಂತ ಬರ್ತದ, ಆದ್ರ ಎಸ್ ಮತ್ತ ಎಫ್ ಒಂದೇ ಕೇಳಸ್ತಾವ. ಎಲ್ಲಿ ನೋಡಬೇಕ್ರಿ?

ತೊಗರಿ_ಬಜಾರ್ (ಕಲಬುರಗಿ)

ನಮಸ್ಕಾರ್ರಿ ಎಲ್ಲಾರಿಗೂ. ನಮ್ದು ಅಡತಿ ಅಂಗಡಿ. ಸೇಡಂ, ಚಿತ್ತಾಪುರ ಕಡಿಂದ ತೊಗರಿ ಕಳಸೋರ ಖಾತೆ ನಂಬರ್, ಐಎಫ್‌ಎಸ್‌ಸಿ ಕೋಡ್ ಎಲ್ಲಾ ಫೋನ್ ಮ್ಯಾಲೇ ಕೇಳಿ ಬರಕೋಬೇಕಾಗ್ತದ. ಅವರು ಎಸ್ ಅಂದ್ರ ನಮಗ ಎಫ್ ಕೇಳಸ್ತದ, ಎಂ ಅಂದ್ರ ಎನ್ ಕೇಳಸ್ತದ. ಫೋನ್ 4ಜಿ ಅದ, ಮ್ಯಾಲ `VoLTE` ಅಂತ ಯಾವಾಗ್ಲೂ ಇರ್ತದ, ಕೆಲವು ಕರೆಯಾಗ `HD` ಅಂತನೂ ಬರ್ತದ. ಬರಿಯೋದು ಇರ್ತದಂತ ಬ್ಲೂಟೂತ್ ನೆಕ್‌ಬ್ಯಾಂಡ್ ಹಾಕ್ಕೊಂಡೇ ಮಾತಾಡ್ತೀನಿ. ಒಂದ್ ಕರೆ ಎದುರಿಗೇ ಕುಂತು ಮಾತಾಡ್ದಂಗ, ಇನ್ನೊಂದು ಡಬ್ಬಿ ಒಳಗಿಂದ ಬಂದಂಗ. ಎಚ್‌ಡಿ ಆದ್ರ ಎಲ್ಲಾ ಒಂದೇ ಥರ ಇರಬೇಕಲ್ಲ? ಗೊತ್ತಿದ್ದೋರು ಹೇಳ್ರಿ.

ಯಾದಗಿರಿ_ಮೊಬೈಲ್

ಅಣ್ಣಾರ, ಎಚ್‌ಡಿ ಅಂದ್ರ ಡೇಟಾ ಜಾಸ್ತಿ ಹೋಗ್ತದ, ಅದಕ್ಕ ಧ್ವನಿ ಸ್ವಚ್ಛ. ಟವರ್ ದೂರ ಇದ್ರ ಡೇಟಾ ಕಮ್ಮಿ, ಧ್ವನಿ ಮಂದ. ಮೊದಲು ಸೆಟ್ಟಿಂಗ್ ನೋಡ್ರಿ. ಸ್ಯಾಮ್‌ಸಂಗ್ ಇದ್ರ `Settings` > `Connections` > `Mobile networks` > `VoLTE calls`, ಎರಡೂ ಸಿಮ್ಮಿಗೆ ಆನ್ ಇರಬೇಕು. ಅಲ್ಲೇ `Network mode` ಒಳಗ 2ಜಿ ಅಥವಾ 3ಜಿ ಮಾತ್ರ ಅಂತ ಇಟ್ಟಿದ್ರ ತೆಗೀರಿ. ಹಳೇ ಎರಡು ಸಿಮ್ ಫೋನ್‌ನಾಗ ಒಂದು ಸಿಮ್ ಮಾತ್ರ 4ಜಿ ಹಿಡೀತದ, ಇನ್ನೊಂದು 2ಜಿ ಮ್ಯಾಲೇ ಕುಂತಿರ್ತದ. ಆ ಎರಡನೇ ಸಿಮ್ಮಿಗೆ ಬಂದ ಕರೆ ಎಂದೂ ಎಚ್‌ಡಿ ಆಗಲ್ಲ.

ಬೀದರ್_ಬೇಸ್‌ಸ್ಟೇಷನ್

ಯಾದಗಿರಿಯವರು ಸೆಟ್ಟಿಂಗ್ ಬಗ್ಗೆ ಹೇಳಿದ್ದು ಪೂರಾ ಸರಿ. ಡೇಟಾ ಜಾಸ್ತಿ ಅನ್ನೋದು ಮಾತ್ರ ಸರಿಯಲ್ಲ. ಅದನ್ನು ಮೊದಲು ಬಿಡಿಸಿಕೊಂಡರೆ ತೊಗರಿ ಬಜಾರ್ ಅವರ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಧ್ವನಿಯನ್ನು ಅಂಕಿಗಳಾಗಿ ಹಿಂಡಿ ಕಳಿಸೋ ವಿಧಾನಕ್ಕೆ ಕೋಡೆಕ್ ಅಂತಾರೆ. ಹಳೇ ಮೊಬೈಲ್ ಕರೆಯಲ್ಲಿ ಓಡೋ ಕೋಡೆಕ್ ಎಎಂಆರ್. ಅದರ ಅತಿ ಹೆಚ್ಚಿನ ದರ ಸೆಕೆಂಡಿಗೆ 12.2 ಕಿಲೋಬಿಟ್. ಎಚ್‌ಡಿ ಕರೆಯಲ್ಲಿ ಓಡೋದು ಎಎಂಆರ್ ವೈಡ್‌ಬ್ಯಾಂಡ್. ಅದರ ಬಹುಬಳಕೆಯ ದರಗಳಲ್ಲೊಂದು 12.65 ಕಿಲೋಬಿಟ್. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಖರ್ಚು. ಇನ್ನು ಲ್ಯಾಂಡ್‌ಲೈನ್ ಜಾಲದ ಹಳೇ ಡಿಜಿಟಲ್ ಪದ್ಧತಿ 64 ಕಿಲೋಬಿಟ್ ತಿನ್ನುತ್ತೆ, ಐದು ಪಟ್ಟು, ಆದರೂ ಅದು ಇಕ್ಕಟ್ಟಿನ ಕರೆಯೇ. ಯಾಕಂದ್ರೆ ಅದು ಧ್ವನಿಯನ್ನು ಸೆಕೆಂಡಿಗೆ 8000 ಸಲ ಮಾತ್ರ ಅಳೆಯುತ್ತೆ. ಎಷ್ಟು ಸಲ ಅಳೀತೀವೋ ಅದರ ಅರ್ಧದಷ್ಟು ಕಂಪನಾಂಕ ಮಾತ್ರ ಹಿಡಿಯೋಕಾಗೋದು, ಅಂದ್ರೆ 4000 ಹರ್ಟ್ಜ್. ಫಿಲ್ಟರ್‌ಗೆ ಒಂದಿಷ್ಟು ಜಾಗ ಬಿಟ್ಟರೆ ಕೈಗೆ ಸಿಗೋದು 300ರಿಂದ 3400. ಎಚ್‌ಡಿ ಕರೆ ಸೆಕೆಂಡಿಗೆ 16,000 ಸಲ ಅಳೆಯುತ್ತೆ, 50ರಿಂದ 7000 ಹರ್ಟ್ಜ್‌ವರೆಗೆ ಸಾಗಿಸುತ್ತೆ.

ಈಗ ನಿಮ್ಮ ಎಸ್ ಮತ್ತು ಎಫ್. ಸ-ಕಾರದ ಬಲವೆಲ್ಲ ಇರೋದು 4000 ಹರ್ಟ್ಜ್‌ಗಿಂತ ಮೇಲೆ. ಹೆಣ್ಣುಮಕ್ಕಳ ಧ್ವನಿಯಲ್ಲಿ ಇನ್ನೂ ಮೇಲೆ ಹೋಗುತ್ತೆ. ಫ-ಕಾರಕ್ಕೆ ಅಂಥ ಬಲದ ಜಾಗ ಇಲ್ಲ, ಎಲ್ಲ ಕಡೆ ತೆಳ್ಳಗೆ ಹರಡಿರುತ್ತೆ. 3400ಕ್ಕೆ ಕತ್ತರಿಸಿದರೆ ಸ-ಕಾರದ ಶಿಖರ ಹೋಗಿ ಅದರ ಬುಡದ ಸಣ್ಣ ಉಸಿರು ಉಳಿಯುತ್ತೆ, ಅದೂ ಫ-ಕಾರದಂತೆಯೇ ಕೇಳುತ್ತೆ. ಶ-ಕಾರದ ಬಲ ಸುಮಾರು 2500ರಿಂದಲೇ ಶುರುವಾಗೋದರಿಂದ ಅದು ಹಳೇ ಕರೆಯಲ್ಲೂ ಉಳ್ಕೋತದೆ. ಶಹಾಪುರ ಅಂದರೆ ಸ್ಪಷ್ಟ ಕೇಳಿ, ಸುರಪುರದ ಮೊದಲ ಅಕ್ಷರ ಮಾತ್ರ ಮಂಕಾಗೋದು ಅದಕ್ಕೇ.

ಎಂ ಮತ್ತು ಎನ್ ಕಥೆ ಬೇರೆ. ಅವೆರಡರ ವ್ಯತ್ಯಾಸ ಹೆಚ್ಚಾಗಿ ಇರೋದೇ 3400ರ ಒಳಗೆ. ಎಚ್‌ಡಿ ಬಂದರೂ ಆ ಗೊಂದಲ ಅಷ್ಟೇನೂ ಕಡಿಮೆ ಆಗಲ್ಲ. ಅದಕ್ಕೆ ಊರ ಹೆಸರು ಕೂಡಿಸಿ ಹೇಳಿಸಿಕೊಳ್ಳೋದೇ ದಾರಿ.

ಸುರಪುರ_ಅಕ್ಕ

ನಮ್ಮ ಮನ್ಯಾಗೂ ಇದೇ ತ್ರಾಸರಿ. ಹೊಸ ಫೋನ್ ತಗೊಂಡ ಮ್ಯಾಲ ಕೂಲರ್ ಸಪ್ಪಳ ಆಕಡಿಯೋರಿಗೆ ಭಾಳ ಕೇಳಸ್ತದಂತ. ಹಳೇ ಕೀಪ್ಯಾಡ್ ಫೋನ್‌ನಾಗ ಇಷ್ಟು ಇರಲಿಲ್ಲ. ಎಚ್‌ಡಿ ಅಂದ್ರ ಸಪ್ಪಳ ಕಮ್ಮಿ ಆಗಬೇಕಲ್ರಿ?

ಬೀದರ್_ಬೇಸ್‌ಸ್ಟೇಷನ್

ಅಕ್ಕಾವ್ರೆ, ಅದು ಬೇರೆ ಪ್ರಶ್ನೆ, ಆದರೆ ಕಾರಣ ಇದರಲ್ಲೇ ಇದೆ. ಕೂಲರ್ ಮೋಟಾರಿನ ಗುಂಯ್ ಅನ್ನೋ ಸದ್ದು ಬಹುಪಾಲು 300 ಹರ್ಟ್ಜ್ ಕೆಳಗೆ. ಹಳೇ ಕರೆ ಅದನ್ನು ಕತ್ತರಿಸಿ ಬಿಸಾಡುತ್ತಿತ್ತು. ಎಚ್‌ಡಿ 50ರವರೆಗೂ ಬಿಟ್ಟುಕೊಡುತ್ತೆ. ಗಾಳಿಯ ಸುಯ್ಯೆನ್ನೋ ಸದ್ದಿನ ಮೇಲಿನ ಭಾಗವೂ ಈಗ ಹೋಗುತ್ತೆ. ಗಂಡಸರ ಧ್ವನಿ ಎಚ್‌ಡಿಯಲ್ಲಿ ತುಂಬಿ ಬಂದಂತೆ ಕೇಳೋದೂ ಅದೇ ಕೆಳಗಿನ ಜಾಗದಿಂದ. ಗಂಡಸಿನ ಧ್ವನಿಯ ಮೂಲ ಕಂಪನ ಸುಮಾರು 100ರಿಂದ 130, ಹಳೇ ಕರೆಯಲ್ಲಿ ಅದು ಹೋಗುತ್ತಲೇ ಇರಲಿಲ್ಲ, ಕಿವಿ ತಾನೇ ಊಹಿಸಿಕೊಳ್ಳುತ್ತಿತ್ತು.

ಸದ್ದು ಕಡಿಮೆ ಮಾಡೋದು ಫೋನಿನ ಎರಡನೇ ಮೈಕಿನ ಕೆಲಸ. ಬಹಳ ಫೋನ್‌ಗಳಲ್ಲಿ ಅದು ಮೇಲಿನ ಅಂಚಿನಲ್ಲೋ ಕ್ಯಾಮೆರಾ ಹತ್ತಿರವೋ ಇರೋ ಸಣ್ಣ ತೂತು. ಹಿಂದಿನ ಕವರ್ ಅದನ್ನು ಮುಚ್ಚಿದೆಯಾ ನೋಡಿ.

ತೊಗರಿ_ಬಜಾರ್

ಯಾದಗಿರಿಯವರು ಹೇಳ್ದಂಗ ಸೆಟ್ಟಿಂಗ್ ನೋಡ್ದೆ, ಎರಡೂ ಸಿಮ್ ಆನ್ ಅದಾವ. `VoLTE` ಅಂತ ಮ್ಯಾಲ ಇದ್ದೇ ಇರ್ತದ. ಹಂಗಾದ್ರ ಎಲ್ಲಾ ಕರೆ ಯಾಕ ಅಗಲ ಆಗಲ್ಲ?

ಬೀದರ್_ಬೇಸ್‌ಸ್ಟೇಷನ್

ಸುಮ್ಮನೆ ಇದ್ದಾಗ ಮೇಲೆ ಕಾಣೋ `VoLTE` ಗುರುತು ಹೇಳೋದು ಒಂದೇ ಮಾತು: ನಿಮ್ಮ ಸಿಮ್ 4ಜಿ ಮೂಲಕ ಕರೆ ಮಾಡೋಕೆ ಜಾಲದಲ್ಲಿ ನೋಂದಣಿ ಆಗಿದೆ. ಮುಂದಿನ ಕರೆ ಯಾವ ಕೋಡೆಕ್‌ನಲ್ಲಿ ಹೋಗುತ್ತೆ ಅನ್ನೋದು ಅದಕ್ಕೆ ಗೊತ್ತಿಲ್ಲ. ಕರೆ ನಡೀತಿರುವಾಗ ಹೆಸರಿನ ಪಕ್ಕ ಕಾಣೋ `HD` ಬಹಳ ಫೋನ್‌ಗಳಲ್ಲಿ ನಿಜವಾದ ಕೋಡೆಕ್ ನೋಡಿ ಬರುತ್ತೆ. ಅದೂ ಹೇಳೋದು ಜಾಲದ ಕಡೆಯ ಮಾತು ಮಾತ್ರ, ನಿಮ್ಮ ಕಿವಿವರೆಗಿನ ಮಾತಲ್ಲ.

ಧ್ವನಿ ದಾರಿಯಲ್ಲಿ ಎಲ್ಲೇ ಒಂದು ಕಡೆ 3400ಕ್ಕೆ ಕತ್ತರಿಸಿಕೊಂಡರೂ ಮುಂದೆ ಯಾರೂ ಅದನ್ನು ವಾಪಸ್ ತರಲಾರರು. ನಿಮ್ಮ ವಿಷಯದಲ್ಲಿ ನನ್ನ ಮೊದಲ ಅನುಮಾನ ನೆಕ್‌ಬ್ಯಾಂಡ್ ಮೇಲೆ. ಹಾಡು ಕೇಳುವಾಗ ಬ್ಲೂಟೂತ್ ಒಂದು ದಾರಿಯಲ್ಲಿ ಹೋಗುತ್ತೆ, ಕರೆ ಬಂದ ಕೂಡಲೇ ಹ್ಯಾಂಡ್ಸ್‌ಫ್ರೀ ಅನ್ನೋ ಇನ್ನೊಂದು ದಾರಿಗೆ ಬರುತ್ತೆ. ಆ ದಾರಿಯ ಹಳೇ ಕೋಡೆಕ್ ಸಿವಿಎಸ್‌ಡಿ, ಅದು 8000 ಅಳತೆಯದೇ. ಹ್ಯಾಂಡ್ಸ್‌ಫ್ರೀ 1.6 ಆವೃತ್ತಿಯಿಂದ ಎಂಎಸ್‌ಬಿಸಿ ಅನ್ನೋ 16,000 ಅಳತೆಯ ಕೋಡೆಕ್ ಸೇರಿತು. ಆದರೆ ಅದು ಕಡ್ಡಾಯ ಅಲ್ಲ. ಡಬ್ಬಿ ಮೇಲೆ 1.6 ಅಥವಾ 1.7 ಅಂತ ಬರೆದಿದ್ದರೂ ಎಂಎಸ್‌ಬಿಸಿ ಇದ್ದೇ ಇರುತ್ತೆ ಅನ್ನೋ ಭರವಸೆ ಇಲ್ಲ. ಹಾಡು ಎಷ್ಟು ಚೆನ್ನಾಗಿ ಕೇಳುತ್ತೆ ಅನ್ನೋದರಿಂದಲೂ ಇದು ಗೊತ್ತಾಗಲ್ಲ. ಡೆವಲಪರ್ ಆಯ್ಕೆಗಳಲ್ಲಿ ಕಾಣೋ `Bluetooth Audio Codec` ಹಾಡಿನ ದಾರಿಗೆ ಸಂಬಂಧಿಸಿದ್ದು, ಅದನ್ನು ಬದಲಿಸಿದರೆ ಕರೆಗೆ ಏನೂ ಆಗಲ್ಲ.

ಪರೀಕ್ಷೆ ಸುಲಭ. `HD` ಕಾಣೋ ಒಂದು ಕರೆಯಲ್ಲಿ ಆಕಡೆಯವರಿಗೆ "ಎಸ್, ಎಫ್, ಎಸ್, ಎಫ್" ಅಂತ ನಿಧಾನಕ್ಕೆ ಹೇಳುತ್ತಾ ಇರೋಕೆ ಹೇಳಿ. ಮಧ್ಯದಲ್ಲಿ ಕರೆ ಪರದೆಯಿಂದಲೇ ಬ್ಲೂಟೂತ್ ಬಿಟ್ಟು ಫೋನ್ ಕಿವಿಗೆ ಹಿಡೀರಿ. ಎಸ್ ಆಗ ಚುರುಕಾಗಿ ಕೇಳಿದರೆ ಇಕ್ಕಟ್ಟು ನೆಕ್‌ಬ್ಯಾಂಡ್‌ನಲ್ಲಿದೆ. ನೆನಪಿಡಿ, ನೆಕ್‌ಬ್ಯಾಂಡ್ ಇಕ್ಕಟ್ಟಾಗಿದ್ದರೆ ನಿಮ್ಮ ಮಾತೂ ಆಕಡೆಗೆ ಇಕ್ಕಟ್ಟಾಗೇ ಹೋಗುತ್ತೆ, ಅದರ ಮೈಕ್ ಕೂಡ ಅದೇ ದಾರಿ ಹಿಡಿಯೋದರಿಂದ.

ಕಾಲೇಜ್_ಇಪಿಎಬಿಎಕ್ಸ್ (ಕಲಬುರಗಿ)

ನಮ್ಮ ಕಡೆ ಆಫೀಸ್ ಒಳಗ ಐಪಿ ಫೋನ್ ಅದಾವ, ಆಸ್ಟರಿಸ್ಕ್ ಅನ್ನೋ ಎಕ್ಸ್‌ಚೇಂಜ್ ಸಾಫ್ಟ್‌ವೇರ್ ಮ್ಯಾಲ ನಡೀತಾವ. ಒಳಗಿಂದೊಳಗ ಮಾತಾಡಿದ್ರ ಎಚ್‌ಡಿ, ಹೊರಗ ಮಾಡಿದ್ರ ಮಂದ. ಹೊರಗಿನ ಲೈನ್ ಅಂದ್ರ ಟ್ರಂಕ್‌ನಾಗ ಜಿ.722 ಕೋಡೆಕ್ ಸೇರಿಸಿದ್ರ ಹೊರಗಿನ ಕರೆನೂ ಎಚ್‌ಡಿ ಆಗ್ತಾವ ಅಂತ ಹಿಂಗ ಹಾಕೀನಿ:

```
disallow=all
allow=g722
allow=alaw
```

ಏನೂ ಫರಕ್ ಬರಲಿಲ್ಲ. ಲಾಗ್‌ನಾಗ `G722/8000` ಅಂತ ತೋರಸ್ತದ. 8000 ಅಂದ್ರ ಇದೂ ಇಕ್ಕಟ್ಟಿಂದೇ ಏನು?

ಬೀದರ್_ಬೇಸ್‌ಸ್ಟೇಷನ್

ಇಲ್ಲ ಸರ್, ಜಿ.722 ಅಳೆಯೋದು 16,000ವೇ. `G722/8000` ಅನ್ನೋದು ಹಳೇ ಮಾನಕದಲ್ಲಿ ನುಸುಳಿದ ತಪ್ಪು. ತಿದ್ದಿದರೆ ಇದ್ದ ಉಪಕರಣಗಳೆಲ್ಲ ಕೆಡುತ್ತವೆ ಅಂತ ಹಾಗೇ ಉಳಿಸಿಕೊಂಡರು.

ನಿಮ್ಮ ಸಾಲುಗಳು ಸರಿಯಾಗೇ ಇವೆ. ಆದರೆ ಅದು ನಿಮ್ಮ ಕಡೆಯಿಂದ "ನಮಗೆ ಇದು ಬರುತ್ತೆ" ಅನ್ನೋ ಪಟ್ಟಿ ಅಷ್ಟೇ. ಟ್ರಂಕ್ ಕೊಡೋರು ಉತ್ತರದಲ್ಲಿ ಎ-ಲಾ ಅನ್ನೋ ಹಳೇ ಕೋಡೆಕ್ ಮಾತ್ರ ಒಪ್ಪಿದರೆ ಕರೆ ಎ-ಲಾದಲ್ಲೇ ನಡೆಯುತ್ತೆ, ಅದು 8000ದ್ದು. ಮೇಜಿನ ಫೋನ್ ಆಗಲೂ ಜಿ.722 ಅಂತ ತೋರಿಸಬಹುದು, ಯಾಕಂದ್ರೆ ಆಸ್ಟರಿಸ್ಕ್ ಮಧ್ಯೆ ಕೂತು ಎ-ಲಾವನ್ನು ಜಿ.722ಕ್ಕೆ ತಿರುಗಿಸಿ ಕೊಡ್ತಿರುತ್ತೆ. ಪಾತ್ರೆ ದೊಡ್ಡದಾಗುತ್ತೆ, ಒಳಗಿನ ಸರಕು ಅಷ್ಟೇ. ಕರೆ ನಡೀತಿರುವಾಗ `core show channels verbose` ಕೊಟ್ಟು ಟ್ರಂಕ್ ಕಡೆಯ ಚಾನೆಲ್ ಹೆಸರು ಹುಡುಕಿ, ಆಮೇಲೆ `core show channel` ಜೊತೆ ಆ ಹೆಸರು ಹಾಕಿದರೆ `NativeFormats` ಸಾಲಿನಲ್ಲಿ ನಿಜ ಗೊತ್ತಾಗುತ್ತೆ.

ಶಹಾಬಾದ್_ಸ್ಪೆಕ್ಟ್ರಮ್

ಕಿವಿಗಿಂತ ಕಣ್ಣಿಗೆ ನಂಬಿಕೆ ಇರೋರಿಗೆ ಇನ್ನೊಂದು ದಾರಿ ಇದೆ. ಆಕಡೆಯವರಿಗೆ ಹೇಳಿ, ಒಪ್ಪಿಗೆ ತಗೊಂಡು, ಕರೆ ಅರ್ಧ ನಿಮಿಷ ರೆಕಾರ್ಡ್ ಮಾಡಿ. ಕಂಪ್ಯೂಟರ್‌ಗೆ ಹಾಕಿ ಇದನ್ನು ಓಡಿಸಿ:

```
ffmpeg -i call.m4a -lavfi showspectrumpic=s=1024x512 call.png
```

ಚಿತ್ರದಲ್ಲಿ ಕಂಪನಾಂಕ ಕೆಳಗಿಂದ ಮೇಲಕ್ಕೆ ಏರುತ್ತೆ. ಇಕ್ಕಟ್ಟಿನ ಕರೆ ಆದರೆ 3400-4000 ಹತ್ತಿರ ಗೆರೆ ಎಳೆದಂಗೆ ಮೇಲೆಲ್ಲ ಕಪ್ಪು. ಎಚ್‌ಡಿ ಆದರೆ ಎಸ್ ಅಂದ ಪ್ರತಿ ಜಾಗದಲ್ಲೂ 4000 ದಾಟಿ 7000ದವರೆಗೆ ಒಂದು ಲಂಬ ಪಟ್ಟಿ ಕಾಣುತ್ತೆ.

ಇಲ್ಲೊಂದು ಮೋಸ ಇದೆ, ಮೊದಲೇ ನೋಡಿಕೊಳ್ಳಿ. ಕೆಲವು ಫೋನ್‌ಗಳು ಎಂಥ ಕರೆಯನ್ನಾದರೂ `.amr` ಕಡತವಾಗಿ 8000ದಲ್ಲೇ ಉಳಿಸ್ತವೆ. ಆಗ ಕರೆ ಅಗಲ ಇದ್ದರೂ ಚಿತ್ರ ಇಕ್ಕಟ್ಟು ತೋರಿಸುತ್ತೆ. `ffprobe call.amr` ಕೊಟ್ಟರೆ `8000 Hz` ಅಂತ ಬರುತ್ತೆ, ಅಂಥ ಕಡತದಿಂದ ಏನನ್ನೂ ತೀರ್ಮಾನಿಸಬೇಡಿ. ಉಲ್ಟಾ ಕೂಡ ನಿಜ: ಕಡತ `44100 Hz` ಅಂದ ಮಾತ್ರಕ್ಕೆ ಒಳಗಿನ ಧ್ವನಿ ಅಗಲ ಅಂತಲ್ಲ. ಅನುಮಾನ ಇದ್ದರೆ ಕರೆಯನ್ನು ಸ್ಪೀಕರ್‌ಗೆ ಹಾಕಿ, ಪಕ್ಕದಲ್ಲಿ ಇನ್ನೊಂದು ಫೋನಿನ ಧ್ವನಿ ರೆಕಾರ್ಡರ್ ಇಡಿ. ಕೋಣೆಯ ಸದ್ದು ಸೇರುತ್ತೆ, ಆದರೂ ಎಸ್ ಪಟ್ಟಿ ಇದೆಯೋ ಇಲ್ಲವೋ ಅನ್ನೋದು ಗೊತ್ತಾಗುತ್ತೆ.

ತೊಗರಿ_ಬಜಾರ್

ಹೇಳಿದಂಗ ಮಾಡಿ ನೋಡ್ದೆ. ನಾಲ್ಕು ಕಡೆ ಪರೀಕ್ಷೆ ಮಾಡಿದ್ದು ಹಿಂಗ ಅದ.

ಬೀದರ್‌ನಾಗಿರೋ ಅಣ್ಣನ ಫೋನ್, ನಂದೂ ಅವಂದೂ ಒಂದೇ ಕಂಪನಿ ಸಿಮ್, `HD` ಬಂತು. ನೆಕ್‌ಬ್ಯಾಂಡ್‌ನಾಗ ಎಸ್ ಮತ್ತ ಎಫ್ ಗೊತ್ತೇ ಆಗಲಿಲ್ಲ. ಫೋನ್ ಕಿವಿಗೆ ಹಿಡದ ಕೂಡ್ಲೇ ಎಸ್ ಚುರ್ ಅಂತ ಬಂತು. ಅಂದ್ರ ನೆಕ್‌ಬ್ಯಾಂಡ್‌ದೇ ತಪ್ಪು, ಖರೇ.

ಸೇಡಂನ ಒಬ್ಬ ರೈತರು, ಕೀಪ್ಯಾಡ್ ಫೋನ್. `HD` ಬರಲೇ ಇಲ್ಲ. ಕಿವಿಗೆ ಹಿಡದ್ರೂ ಮಂದನೇ.

ಗುರುಮಠಕಲ್ ಕಡೆ ಒಬ್ಬರು. ಶುರುವಿಗೆ ಚೊಲೋ ಇತ್ತು, ಅವರು ಮಾತಾಡ್ತಾ ಹೊಲದ ಕಡೆ ಹೊಂಟ್ರು, ನಡುವ ಒಮ್ಮೆ ತುಸು ತಡೆದಂಗಾಗಿ ಆಮೇಲ ಕಡೀತನಕ ಮಂದ.

ಚಿತ್ತಾಪುರದಾಗ ಇನ್ನೊಂದು ಕಂಪನಿ ಸಿಮ್ ಇರೋರು. ಒಮ್ಮೆ `HD` ಬಂತು, ಮತ್ತೊಮ್ಮೆ ಬರಲಿಲ್ಲ. ಇದು ಯಾಕ?

ಬೀದರ್_ಬೇಸ್‌ಸ್ಟೇಷನ್

ಬಹಳ ಚೆನ್ನಾಗಿ ಮಾಡಿದ್ದೀರಿ, ನಾಲ್ಕೂ ಬೇರೆ ಬೇರೆ ಕಾರಣ.

ಕೀಪ್ಯಾಡ್ ಫೋನ್ 2ಜಿಯದಾದರೆ ಅಲ್ಲಿ ಮಾಡೋದೇನೂ ಇಲ್ಲ, ಅಲ್ಲಿಂದ ಹೊರಡೋವಾಗಲೇ ಧ್ವನಿ ಇಕ್ಕಟ್ಟು. 4ಜಿ ಕೀಪ್ಯಾಡ್ ಫೋನ್‌ಗಳಲ್ಲಿ ವೋಲ್ಟಿ ಇರೋದರಿಂದ ಅವು ಎಚ್‌ಡಿ ಕೊಡಬಲ್ಲವು. ಹಾಗಾಗಿ ಕೀಪ್ಯಾಡ್ ಅಂದ ಮಾತ್ರಕ್ಕೆ ಕೈಬಿಡಬೇಡಿ, ಮಾಡೆಲ್ ಯಾವುದು ಕೇಳಿ.

ಗುರುಮಠಕಲ್ ಕರೆಯಲ್ಲಿ ಆಗಿದ್ದು ಕರೆಯ ಮಧ್ಯದಲ್ಲೇ ಜಾಲ ಬದಲಾದದ್ದು. 4ಜಿ ಸಿಗ್ನಲ್ ಬಿದ್ದಾಗ ಕರೆ ಕಡಿಯಬಾರದು ಅಂತ ಜಾಲ ಅದನ್ನು 2ಜಿ ಅಥವಾ 3ಜಿಗೆ ಎತ್ತಿ ಹಾಕುತ್ತೆ. ಆ ಎತ್ತಿ ಹಾಕೋ ಗಳಿಗೆಯೇ ನಿಮಗೆ ಕೇಳಿಸಿದ ತಡೆ. ಮಾನಕದ ಗುರಿ 0.3 ಸೆಕೆಂಡ್ ಒಳಗೆ ಮುಗಿಸೋದು. 2ಜಿಗೆ ಇಳಿದರೆ ಸಾಮಾನ್ಯವಾಗಿ ಹಳೇ ಕೋಡೆಕ್ಕೇ. ಮತ್ತೆ 4ಜಿ ಬಲವಾದರೂ ಆ ಕರೆ ಸಾಮಾನ್ಯವಾಗಿ ಮೇಲೆ ಹತ್ತಲ್ಲ. ಕಟ್ ಮಾಡಿ ಮತ್ತೆ ಮಾಡಬೇಕು. 2ಜಿ, 3ಜಿ ಎರಡೂ ಇಲ್ಲದ ಕಂಪನಿಯ ಸಿಮ್ ಆದರೆ ಇಳಿಯೋಕೆ ಜಾಗವೇ ಇಲ್ಲ, ಅಲ್ಲಿ ಕರೆ ಮಂದ ಆಗೋ ಬದಲು ಕಡಿಯುತ್ತೆ.

ಇದನ್ನು ಇನ್ನೊಂದರ ಜೊತೆ ಕಲಸಿಕೊಳ್ಳಬೇಡಿ. ಸಿಗ್ನಲ್ ಸ್ವಲ್ಪ ಮಾತ್ರ ಬಿದ್ದರೆ ಎಎಂಆರ್ ವೈಡ್‌ಬ್ಯಾಂಡ್ ತನ್ನ ದರವನ್ನು 8.85ಕ್ಕೆ, ಕೊನೆಗೆ 6.60ಕ್ಕೆ ಇಳಿಸಬಹುದು. ಆಗ ಅಗಲ ಹಾಗೇ ಇರುತ್ತೆ, ಧ್ವನಿ ಒರಟಾಗುತ್ತೆ. ಎಸ್ ಕೇಳುತ್ತೆ, ಆದರೆ ಹರಿದ ಹಾಗೆ. ಪ್ಯಾಕೆಟ್‌ಗಳೇ ಕಳೆದರೆ ಪದದ ನಡುವೆ ತುಂಡು ತುಂಡು. ಹೀಗೆ ಮೂರು ಲಕ್ಷಣ: ಎಸ್ ಇಲ್ಲವೇ ಇಲ್ಲ ಅಂದರೆ ಇಕ್ಕಟ್ಟು, ಒರಟು ಎಸ್ ಅಂದರೆ ದರ ಕಡಿಮೆ, ತುಂಡಾದರೆ ನಷ್ಟ. ಯಾದಗಿರಿಯವರು ಟವರ್ ದೂರ ಅಂದಿದ್ದು ಕೊನೆಯ ಎರಡಕ್ಕೆ ನಿಜ.

ಯಾದಗಿರಿ_ಮೊಬೈಲ್

ಈಗ ತಿಳೀತ್ರಿ. ಆದ್ರ ಚಿತ್ತಾಪುರದ್ದಕ್ಕ ನನ್ನ ಮಾತು ಕೇಳ್ರಿ: ಬೇರೆ ಕಂಪನಿ ಅಂದ್ರ ಎಚ್‌ಡಿ ಬರೋದೇ ಇಲ್ಲ. ಎರಡು ಕಂಪನಿ ನಡುವ ಹಳೇ ಲೈನ್ ಇರ್ತದ.

ಶಹಾಬಾದ್_ಸ್ಪೆಕ್ಟ್ರಮ್

ಬರೋದೇ ಇಲ್ಲ ಅನ್ನೋದಾದರೆ ಅವರಿಗೆ ಒಮ್ಮೆ ಹೇಗೆ ಬಂತು? ಕಂಪನಿಗಳ ನಡುವಿನ ಕೊಂಡಿ ಐಪಿಯಲ್ಲಿದ್ದು, ಎರಡೂ ಕಡೆ ವೈಡ್‌ಬ್ಯಾಂಡ್ ಒಪ್ಪಿದರೆ ಬರುತ್ತೆ. ಕೊಂಡಿ ಹಳೇ 64 ಕಿಲೋಬಿಟ್ ಪದ್ಧತಿಯದಾದರೆ ಬರಲ್ಲ.

ಬೀದರ್_ಬೇಸ್‌ಸ್ಟೇಷನ್

ಎರಡೂ ಸಾಧ್ಯ. ಒಂದೇ ನಂಬರ್‌ಗೆ ಒಮ್ಮೆ ಬಂದು ಒಮ್ಮೆ ಬರದಿದ್ದರೆ ನಾನು ಮೊದಲು ಆಕಡೆಯ ಫೋನನ್ನೇ ನೋಡ್ತೀನಿ: ಆ ಹೊತ್ತಿಗೆ ಅದು 4ಜಿಯಲ್ಲಿತ್ತಾ, 2ಜಿಗೆ ಬಿದ್ದಿತ್ತಾ. ಕರೆ ಬಂದಾಗ ಅವರ ಪರದೆ ಮೇಲಿನ `4G` ಹೋಗಿ `E` ಅಥವಾ `H` ಆದರೆ ಅವರ ಕಡೆ ವೋಲ್ಟಿ ಇಲ್ಲ, ಕರೆಗೋಸ್ಕರ ಕೆಳಗಿಳೀತಿದೆ ಅಂತ ಅರ್ಥ. `4G` ಹಾಗೇ ಇದ್ದು ಎರಡೂ ಕಡೆ `HD` ಇಲ್ಲ ಅಂದರೆ ಆಗ ಕೊಂಡಿಯ ಮೇಲೆ ಅನುಮಾನ ಪಡಬಹುದು. ಅದು ನಮ್ಮ ಕೈಯಲ್ಲಿಲ್ಲ.

ಸುರಪುರ_ಅಕ್ಕ

ಕವರ್ ತೆಗದು ನೋಡ್ದೆ, ಮ್ಯಾಲಿನ ತೂತು ಮುಚ್ಚಿತ್ರಿ. ಈಗ ಸಪ್ಪಳ ಕಮ್ಮಿ ಅಂತಾರ, ಪೂರ್ತಿ ಹೋಗಿಲ್ಲ. ಇನ್ನೊಂದು ಕೇಳೋದಿತ್ತು, ವಾಟ್ಸಾಪ್ ಕರೆ ಯಾಕ ಯಾವಾಗ್ಲೂ ಸ್ವಚ್ಛ?

ಬೀದರ್_ಬೇಸ್‌ಸ್ಟೇಷನ್

ಅಕ್ಕಾವ್ರೆ, ಅಲ್ಲಿ ಎರಡೂ ತುದಿಯಲ್ಲಿ ಒಂದೇ ಆ್ಯಪ್, ಮಧ್ಯೆ ಟೆಲಿಫೋನ್ ಕೊಂಡಿ ಇಲ್ಲ, ಅದಕ್ಕೇ ಯಾರೂ 3400ಕ್ಕೆ ಕತ್ತರಿಸಲ್ಲ. ಇಂಟರ್ನೆಟ್ ಕುಂಟಿದರೆ ಮಾತ್ರ ತುಂಡಾಗುತ್ತೆ. ಇದೇ ಒಳ್ಳೇ ಪರೀಕ್ಷೆಯೂ ಹೌದು. ಅದೇ ಎರಡು ಫೋನ್, ಬ್ಲೂಟೂತ್ ಇಲ್ಲದೆ, ವಾಟ್ಸಾಪ್‌ನಲ್ಲಿ ಎಸ್ ಚುರುಕಾಗಿ ಕೇಳಿ ಮಾಮೂಲಿ ಕರೆಯಲ್ಲಿ ಕೇಳದಿದ್ದರೆ ಫೋನ್‌ಗಳ ಮೈಕ್, ಸ್ಪೀಕರ್ ಸರಿ ಇವೆ, ಇಕ್ಕಟ್ಟು ಜಾಲದಲ್ಲಿದೆ.

ಶಹಾಬಾದ್_ಸ್ಪೆಕ್ಟ್ರಮ್

ಒಂದು ಪ್ರಶ್ನೆ ನನಗೆ ಬಗೆಹರಿದಿಲ್ಲ. ಇಕ್ಕಟ್ಟಿನ ಕರೆಗೂ ಮೇಲಿನ ಭಾಗವನ್ನು ಲೆಕ್ಕ ಹಾಕಿ ಕೃತಕವಾಗಿ ಸೇರಿಸೋ ವಿಧಾನ ಇದೆಯಲ್ಲ, ಅದನ್ನು ಹಾಕಿದ ಫೋನ್ ಆದರೆ ಚಿತ್ರದಲ್ಲಿ 4000ದ ಮೇಲೂ ಪಟ್ಟಿ ಕಾಣುತ್ತೆ. ಅಸಲಿ ಯಾವುದು ಅಂತ ಹೇಗೆ ಹೇಳೋದು?

ಬೀದರ್_ಬೇಸ್‌ಸ್ಟೇಷನ್

ಪೂರಾ ಖಚಿತವಾಗಿ ಹೇಳೋ ದಾರಿ ಹೊರಗಿನಿಂದ ಇಲ್ಲ. ಎಎಂಆರ್ ವೈಡ್‌ಬ್ಯಾಂಡ್ ಕೂಡ ನಿಜವಾಗಿ ಕೋಡ್ ಮಾಡೋದು 6400ದವರೆಗೆ. ಅಲ್ಲಿಂದ 7000ದ ಚೂರನ್ನು ಕೇಳೋ ಕಡೆಯ ಫೋನೇ ಗೊರಗೊರ ಸದ್ದಿನಿಂದ ಕಟ್ಟಿಕೊಳ್ಳುತ್ತೆ. ಹಾಗಾಗಿ 6400ದ ಮೇಲೆ ನೋಡಿ ಏನೂ ತೀರ್ಮಾನ ಮಾಡಬೇಡಿ. 4000ದಿಂದ 6400ರ ನಡುವೆ ನೋಡಿ. ಎಸ್ ಮತ್ತು ಎಫ್ ಎರಡಕ್ಕೂ ಅಲ್ಲಿ ಒಂದೇ ಥರದ ಪಟ್ಟಿ ಬಂದರೆ ಅದು ಊಹೆಯಿಂದ ಕಟ್ಟಿದ್ದು ಅಂತ ನನ್ನ ಅನುಮಾನ. ಅಸಲಿ ಅಗಲದಲ್ಲಿ ಎಸ್ ಪಟ್ಟಿ ಎಫ್‌ಗಿಂತ ಎದ್ದು ಕಾಣಬೇಕು.

ತೊಗರಿ_ಬಜಾರ್

ಕೋಡ್ ಬರಕೊಳ್ಳೋ ಮುಂದ ನೆಕ್‌ಬ್ಯಾಂಡ್ ಬಿಟ್ಟು ಫೋನ್ ಸ್ಪೀಕರ್‌ಗೆ ಹಾಕ್ತೀನ್ರಿ ಈಗ. ಹೊಸ ನೆಕ್‌ಬ್ಯಾಂಡ್ ತಗೋಬೇಕಾದ್ರ ಅಂಗಡ್ಯಾಗ ಏನು ಕೇಳಬೇಕು?

ಬೀದರ್_ಬೇಸ್‌ಸ್ಟೇಷನ್

ಡಬ್ಬಿ ಮೇಲೆ ಕರೆಗೆ ಎಂಎಸ್‌ಬಿಸಿ ಅಥವಾ ವೈಡ್‌ಬ್ಯಾಂಡ್ ಧ್ವನಿ ಇದೆ ಅಂತ ಸ್ಪಷ್ಟವಾಗಿ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಅಂಗಡಿಯಲ್ಲೇ ಜೋಡಿಸಿ, ಬೀದರ್ ಅಣ್ಣನಿಗೆ ಕರೆ ಮಾಡಿ. ಎಸ್ ಮತ್ತು ಎಫ್ ಹೇಳಿಸಿ, ಅದನ್ನು ಹಾಕಿಕೊಂಡೊಮ್ಮೆ, ತೆಗೆದೊಮ್ಮೆ ಕೇಳಿ. ಆಮೇಲೆ ನೀವು ಎಸ್ ಹೇಳಿ, ಅಣ್ಣನಿಗೆ ಹೇಗೆ ಕೇಳಿತು ಅಂತಲೂ ಕೇಳಿ. ಕೆಲವು ನೆಕ್‌ಬ್ಯಾಂಡ್‌ಗಳಲ್ಲಿ ಮೈಕ್ ಎದೆ ಹತ್ತಿರ ಇರೋದರಿಂದ ಕೋಡೆಕ್ ಅಗಲ ಇದ್ದರೂ ಎಸ್ ದುರ್ಬಲವಾಗೇ ಹೋಗುತ್ತೆ.